ಒಡೆದ ದನಿಯ ರೆಕಾರ್ಡಿಂಗ್: ಯಾವುದು ರಿಪೇರಿ ಆಗುತ್ತದೆ, ಯಾವುದು ಆಗುವುದಿಲ್ಲ

ತಾಳಮದ್ದಳೆ ರೆಕಾರ್ಡ್ ಮಾಡುವವರಿಗೆ ಈ ತೊಂದರೆ ಚೆನ್ನಾಗಿ ಗೊತ್ತು. ಮೈಕ್‌ಸೆಟ್‌ನವರ ಮಿಕ್ಸರ್‌ನಿಂದ ಒಂದು ವಯರ್ ಎಳೆದು ಪುಟ್ಟ ರೆಕಾರ್ಡರಿನ ಮೈಕ್ ತೂತಿಗೆ ಚುಚ್ಚಿರುತ್ತಾರೆ. ಮಿಕ್ಸರ್‌ನಿಂದ ಬರುವುದು ಲೈನ್ ಮಟ್ಟದ ಸಿಗ್ನಲ್, ಅಂದರೆ ಸುಮಾರು ಒಂದು ವೋಲ್ಟ್. ಮೈಕ್ ತೂತಿಗೆ ಬೇಕಾದದ್ದು ಕೆಲವೇ ಮಿಲಿವೋಲ್ಟ್. ಅರ್ಥಧಾರಿ ಮೆಲ್ಲಗೆ ಮಾತಾಡುವಾಗ ಹೇಗೋ ನಡೆಯುತ್ತದೆ. ವಾದ ಬಿಸಿಯೇರಿ ದನಿ ಏರಿದ ಕೂಡಲೇ ಮಾತೆಲ್ಲ ಪರಪರ ಎನ್ನತೊಡಗುತ್ತದೆ.

ತಾಳಮದ್ದಳೆಯ ಅರ್ಥ ಆಶುವಾಗಿ ಹುಟ್ಟುವಂಥದ್ದು. ಅದೇ ಪ್ರಸಂಗವನ್ನು ಅದೇ ಕಲಾವಿದರು ನಾಳೆ ಮಾಡಿದರೂ ಇವತ್ತಿನ ಮಾತು ಬರುವುದಿಲ್ಲ. ಹಾಗಾಗಿ "ಇನ್ನೊಂದ್ಸಲ ರೆಕಾರ್ಡ್ ಮಾಡಿ" ಎನ್ನುವ ಸುಲಭದ ದಾರಿ ಇಲ್ಲಿಲ್ಲ. ಉಳಿಯುವ ದಾರಿಗಳು ನಾಲ್ಕು. ಹಾಗೇ ಬಿಡುವುದು, ಸಾಫ್ಟ್‌ವೇರಿನಿಂದ ತುದಿಗಳನ್ನು ಕಟ್ಟುವುದು, ಬೇರೆ ರೆಕಾರ್ಡಿಂಗ್‌ನಿಂದ ತೇಪೆ ಹಾಕುವುದು, ದನಿಯ ಆಸೆ ಬಿಟ್ಟು ಮಾತನ್ನಷ್ಟೇ ಬರೆದಿಡುವುದು. ಇವುಗಳಲ್ಲಿ ಯಾವುದು ಎಂಬುದನ್ನು ಇಡೀ ಫೈಲಿಗೆ ಒಂದೇ ಸಲ ತೀರ್ಮಾನಿಸಬಾರದು. ಒಂದೇ ಫೈಲಿನ ಬೇರೆ ಬೇರೆ ಜಾಗಕ್ಕೆ ಬೇರೆ ಬೇರೆ ಉತ್ತರ ಇರುತ್ತದೆ.

ಮೊದಲು ಅಲೆಯ ಆಕಾರ ನೋಡಿ

ಫೈಲನ್ನು ಆಡಾಸಿಟಿ ಎಂಬ ಆಡಿಯೋ ಸಾಫ್ಟ್‌ವೇರಿನಲ್ಲಿ ತೆರೆಯಿರಿ. ದನಿ ಒಡೆದಿರುವ ಒಂದು ಜಾಗಕ್ಕೆ ಹೋಗಿ, ದನಿಯ ಒಂದೊಂದು ಅಳತೆ, ಅಂದರೆ ಒಂದೊಂದು ಸ್ಯಾಂಪಲ್, ಚುಕ್ಕಿಯಾಗಿ ಕಾಣುವಷ್ಟು ಝೂಮ್ ಮಾಡಿ. ಅಲೆಯ ನೆತ್ತಿ ದುಂಡಗಿದೆಯೋ, ಕತ್ತರಿಸಿದ ಹಾಗೆ ಚಪ್ಪಟೆಯಾಗಿದೆಯೋ ನೋಡಿ. ಹೀಗೆ ನೆತ್ತಿ ಕತ್ತರಿಸಿಹೋಗುವುದಕ್ಕೇ ಕ್ಲಿಪ್ ಆಗುವುದು ಎನ್ನುತ್ತಾರೆ. ಈ ಒಂದು ನೋಟದಲ್ಲೇ ಅರ್ಧ ತೀರ್ಮಾನ ಆಗಿಬಿಡುತ್ತದೆ.

ಚಪ್ಪಟೆ ನೆತ್ತಿ ಸರಿಯಾಗಿ ಗರಿಷ್ಠ ಮಟ್ಟವಾದ 1.0 ಗೆರೆಗೆ ತಾಗಿ ನಿಂತಿದ್ದರೆ ಕತ್ತರಿ ಬಿದ್ದದ್ದು ಡಿಜಿಟಲ್ ಹಂತದಲ್ಲಿ. ಅಂಥ ನೆತ್ತಿಯ ಎಲ್ಲ ಸ್ಯಾಂಪಲ್‌ಗಳ ಬೆಲೆಯೂ ಒಂದೇ ಇರುತ್ತದೆ. 16 ಬಿಟ್ ಫೈಲಿನಲ್ಲಾದರೆ ಮೇಲೆ 32767, ಕೆಳಗೆ -32768. ರಿಪೇರಿಗೆ ಇದು ಅತಿ ಅನುಕೂಲದ ಸ್ಥಿತಿ. ಯಾವ ಸ್ಯಾಂಪಲ್ ಸುಳ್ಳು, ಯಾವುದು ನಿಜ ಎಂಬುದರಲ್ಲಿ ಸಂಶಯವೇ ಇರುವುದಿಲ್ಲ.

ನೆತ್ತಿ ಚಪ್ಪಟೆಯಾಗಿದೆ, ಆದರೆ 1.0ಕ್ಕಿಂತ ಬಹಳ ಕೆಳಗಿದೆ ಎಂದಾದರೆ ಕತ್ತರಿ ಬಿದ್ದದ್ದು ಅದಕ್ಕೂ ಮೊದಲು, ಮೈಕಿನ ಸಿಗ್ನಲನ್ನು ದೊಡ್ಡದು ಮಾಡುವ ಪ್ರೀಆಂಪ್‌ನಲ್ಲಿ. ಮಿಕ್ಸರ್‌ನಿಂದ ಮೈಕ್ ತೂತಿಗೆ ಚುಚ್ಚಿದ ರೆಕಾರ್ಡಿಂಗ್‌ಗಳು ಸಾಮಾನ್ಯವಾಗಿ ಹೀಗೇ ಇರುತ್ತವೆ. ರೆಕಾರ್ಡರಿನ ಮೀಟರ್ ಕೆಂಪಿಗೆ ಹೋಗಿರುವುದೇ ಇಲ್ಲ, ಆದರೂ ದನಿ ಒಡೆದಿರುತ್ತದೆ. ಲೆವೆಲ್ ಗುಂಡಿ ತಿರುಗಿಸಿ ಕಡಿಮೆ ಮಾಡಿದರೂ ಪ್ರಯೋಜನ ಇಲ್ಲ. ಒಡೆದ ದನಿಯೇ ಸಣ್ಣದಾಗಿ ರೆಕಾರ್ಡ್ ಆಗುತ್ತದೆ, ಅಷ್ಟೇ. ಇಲ್ಲಿ ನೆತ್ತಿಯ ಮೇಲೆ ಸಣ್ಣ ನಡುಕ ಇರುತ್ತದೆ. ಕೆಲವೊಮ್ಮೆ ನೆತ್ತಿ ಒಂದು ಕಡೆಗೆ ಇಳಿಜಾರಾಗಿಯೂ ಇರುತ್ತದೆ. ಮೇಲಿನ ಮಿತಿ ಮತ್ತು ಕೆಳಗಿನ ಮಿತಿ ಒಂದೇ ಇರಬೇಕೆಂದೂ ಇಲ್ಲ. ರಿಪೇರಿ ಸಾಧ್ಯ, ಆದರೆ ಸಾಫ್ಟ್‌ವೇರಿಗೆ ಮಿತಿ ಎಲ್ಲಿದೆ ಎಂದು ನಾವೇ ತೋರಿಸಿಕೊಡಬೇಕು.

ಮೂರನೆಯದು ಕಿವಿಗೆ ಒಡೆದ ಹಾಗೆ ಕೇಳುತ್ತದೆ, ಕಣ್ಣಿಗೆ ಚಪ್ಪಟೆ ನೆತ್ತಿ ಕಾಣುವುದೇ ಇಲ್ಲ. ಇದಕ್ಕೆ ಮುಖ್ಯವಾಗಿ ಎರಡು ಕಾರಣ. ಒಂದು, ಸಭೆಯಲ್ಲಿ ಕೂತವರು ಫೋನಿನಲ್ಲಿ ರೆಕಾರ್ಡ್ ಮಾಡಿದ್ದಾರೆ, ಆದರೆ ಒಡೆದದ್ದು ಹಾರ್ನ್ ಸ್ಪೀಕರೇ. ಒಡೆದ ದನಿ ಗಾಳಿಯಲ್ಲಿ ಹಾದು, ಗೋಡೆಗೆ ಬಡಿದು, ಮಾರ್ದನಿಯ ಜೊತೆ ಸೇರಿ ಫೋನಿಗೆ ಬಂದಿದೆ. ಅಷ್ಟರಲ್ಲಿ ಚಪ್ಪಟೆ ನೆತ್ತಿಯ ಗುರುತು ಅಳಿಸಿಹೋಗಿರುತ್ತದೆ. ಇನ್ನೊಂದು, ಕ್ಲಿಪ್ ಆದ ಫೈಲನ್ನು ಯಾರೋ ಎಂಪಿ3 ಮಾಡಿದ್ದಾರೆ, ಇಲ್ಲವೇ ವಾಟ್ಸಾಪಿನಲ್ಲಿ ಆಡಿಯೋ ಆಗಿ ಕೈಬದಲಾಗಿ ಬಂದಿದೆ. ದನಿಯನ್ನು ಕುಗ್ಗಿಸುವ ಕೋಡೆಕ್‌ಗಳು ಅಲೆಯ ಆಕಾರವನ್ನು ಸ್ಯಾಂಪಲ್‌ಗೆ ಸ್ಯಾಂಪಲ್ ಕಾಪಾಡುವುದಿಲ್ಲ. ಚಪ್ಪಟೆ ನೆತ್ತಿ ಅಂಕುಡೊಂಕಾಗಿ ಬದಲಾಗುತ್ತದೆ. ಈ ಎರಡನೆಯ ಕಾರಣವಾಗಿದ್ದರೆ ಒಂದು ದಾರಿ ಇದೆ. ಮೂಲ ಫೈಲ್ ಇಟ್ಟುಕೊಂಡವರನ್ನು ಹುಡುಕಿ, ಅದನ್ನು ಡಾಕ್ಯುಮೆಂಟ್ ಆಗಿ ಕಳಿಸಲು ಕೇಳಿ. ಯಾವ ಸಾಫ್ಟ್‌ವೇರೂ ಕೊಡದ ಲಾಭ ಆ ಒಂದು ಫೋನ್ ಕರೆಯಿಂದ ಸಿಗಬಹುದು.

ಇನ್ನೊಂದು ಅದೃಷ್ಟದ ಸ್ಥಿತಿಯೂ ಇದೆ. ಫೈಲ್ 32 ಬಿಟ್ ಫ್ಲೋಟ್ ಆಗಿದ್ದರೆ 1.0 ಗೆರೆಯ ಆಚೆಯ ಬೆಲೆಗಳೂ ಅದರಲ್ಲಿ ಉಳಿದಿರಬಹುದು. ಸುಮ್ನೆ ವಾಲ್ಯೂಮ್ ಇಳಿಸಿದರೆ ನೆತ್ತಿಗಳು ಪೂರ್ತಿ ಕಾಣಿಸಿಕೊಳ್ಳುತ್ತವೆ. ಹಾಗೆ ಆದರೆ ನಿಮಗೆ ರಿಪೇರಿಯೇ ಬೇಡ. ಆದರೆ ಫ್ಲೋಟ್ ರೆಕಾರ್ಡರಿಗೂ ಮೊದಲು, ಮೈಕಿನಲ್ಲೋ ಮಿಕ್ಸರ್‌ನಲ್ಲೋ ಒಡೆದದ್ದನ್ನು ಅದು ಸರಿಪಡಿಸುವುದಿಲ್ಲ.

ಚಪ್ಪಟೆ ಎಷ್ಟು ಉದ್ದ?

ಆಕಾರ ಗೊತ್ತಾದ ಮೇಲೆ ಚಪ್ಪಟೆಯ ಉದ್ದ ಅಳೆಯಬೇಕು. ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ಅಳತೆ ಇದೇ.

ಗಂಡಸಿನ ದನಿ ಸೆಕೆಂಡಿಗೆ 120 ಸಲ ಮಿಡಿಯುತ್ತಿದೆ ಎಂದುಕೊಳ್ಳಿ. 48 ಕಿಲೋಹರ್ಟ್ಸ್ ಫೈಲಿನಲ್ಲಿ ಒಂದು ಮಿಡಿತಕ್ಕೆ 400 ಸ್ಯಾಂಪಲ್. ಆ ಒಂದು ಮಿಡಿತದ ಒಳಗೆ ಬಾಯಿಯ ಆಕಾರದಿಂದ ಹುಟ್ಟುವ ಸಣ್ಣ ಅಲೆಗಳಿರುತ್ತವೆ. 'ಆ' ಎನ್ನುವಾಗ ಅವುಗಳಲ್ಲಿ ದೊಡ್ಡದು ಸುಮಾರು 700 ಹರ್ಟ್ಸ್ ಆಸುಪಾಸಿನಲ್ಲಿರುತ್ತದೆ. ಅದರ ಒಂದು ಉಬ್ಬು ಅಂದಾಜು 34 ಸ್ಯಾಂಪಲ್ ಉದ್ದ. 'ಆ'ವನ್ನು 'ಆ' ಎಂದು ಗುರುತಿಸುವಂತೆ ಮಾಡುವುದು ಈ ಉಬ್ಬುಗಳು.

ಮೋಡ ಕವಿದ ಗುಡ್ಡವನ್ನು ನೋಡಿ. ತುದಿ ಸ್ವಲ್ಪವೇ ಮುಚ್ಚಿದ್ದರೆ ಎರಡೂ ಕಡೆಯ ಇಳಿಜಾರು ನೋಡಿ ಶಿಖರ ಎಲ್ಲಿದೆ ಎಂದು ಊಹಿಸಬಹುದು. ಅರ್ಧ ಗುಡ್ಡವೇ ಮುಚ್ಚಿದ್ದರೆ ಒಳಗೆ ಒಂದು ಶಿಖರ ಇದೆಯೋ ಮೂರು ಇವೆಯೋ ಗೊತ್ತಾಗುವುದಿಲ್ಲ. ಕತ್ತರಿಸಿಹೋದ ನೆತ್ತಿಯನ್ನು ಮತ್ತೆ ಕಟ್ಟುವ ಡಿಕ್ಲಿಪ್ ಸಾಫ್ಟ್‌ವೇರ್ ಮಾಡುವುದೂ ಇದೇ ಊಹೆಯನ್ನು. ಚಪ್ಪಟೆ ಐದರಿಂದ ಹತ್ತು ಸ್ಯಾಂಪಲ್ ಇದ್ದರೆ ಊಹೆ ಬಹುತೇಕ ನಿಜಕ್ಕೆ ಹತ್ತಿರ ಇರುತ್ತದೆ. ಮೂವತ್ತು ದಾಟಿದರೆ ಒಂದಿಡೀ ಉಬ್ಬೇ ಕಾಣೆಯಾಗಿದೆ ಎಂದರ್ಥ. ಆಗ ಸಿಗುವುದು ನಯವಾದ, ಆದರೆ ಸ್ವಲ್ಪ ಮಂಕಾದ ದನಿ. ನೂರು ದಾಟಿದರೆ ಅಲ್ಲಿ ತುಂಬುವುದೆಲ್ಲ ಕಲ್ಪನೆ. ಗೆರೆ ಚೆಂದ ಕಾಣುತ್ತದೆ, ಆದರೆ ಅದು ಆ ಮನುಷ್ಯನ ದನಿ ಅಲ್ಲ. ಈ ಲೆಕ್ಕ 48 ಕಿಲೋಹರ್ಟ್ಸ್ ಫೈಲಿಗೆ. 16 ಕಿಲೋಹರ್ಟ್ಸ್ ಫೈಲಾದರೆ ಎಲ್ಲವನ್ನೂ ಮೂರರಿಂದ ಭಾಗಿಸಿ.

ಇನ್ನೊಂದು ಸಂಗತಿ ಇಲ್ಲಿ ಸಮಾಧಾನ ಕೊಡುತ್ತದೆ. ಮಾತಿನಲ್ಲಿ ಜೋರಾಗಿರುವುದು ಸ್ವರಗಳು. 'ಸ', 'ಶ', 'ತ', 'ಕ' ಇವೆಲ್ಲ ಬಹಳ ಸಣ್ಣ ದನಿಗಳು, ಹಾಗಾಗಿ ಕತ್ತರಿಗೆ ಸಿಗುವುದಿಲ್ಲ. ಪದ ಗುರುತಿಸಲು ನಮಗೆ ಹೆಚ್ಚು ನೆರವಾಗುವುದು ಇಂಥ ವ್ಯಂಜನಗಳೇ. 1948ರಲ್ಲಿ ಲಿಕ್‌ಲೈಡರ್ ಮತ್ತು ಪೊಲ್ಲಾಕ್ ಅಲೆಯ ಎತ್ತರವನ್ನೆಲ್ಲ ಕತ್ತರಿಸಿ, ಮೇಲೆ ಅಥವಾ ಕೆಳಗೆ ಎಂಬ ಎರಡೇ ಮಟ್ಟ ಉಳಿಸಿ ಜನರಿಗೆ ಕೇಳಿಸಿದ್ದರು. ಕಿವಿಗೆ ಕರ್ಕಶವಾಗಿದ್ದರೂ ಎಷ್ಟೋ ಪದಗಳು ಜನರಿಗೆ ಅರ್ಥವಾದವು. ಹಾಗಾಗಿ ನಿಮಗೆ ಬೇಕಿರುವುದು ಮಾತಿನ ಪಠ್ಯ ಮಾತ್ರವಾದರೆ ರಿಪೇರಿಗೆ ಕೂರುವ ಮುನ್ನ ಒಮ್ಮೆ ಹೆಡ್‌ಫೋನ್ ಹಾಕಿ ಕೇಳಿ. ಬಹಳ ಸಲ ಇದ್ದಂತೆಯೇ ಬರೆದುಕೊಳ್ಳಬಹುದು.

ಯಾವ ಸಾಧನ?

ಆಡಾಸಿಟಿಯ Clip Fix ಉಚಿತ, ಕಲಿಯಲು ಸುಲಭ. ಸಣ್ಣ ಚಪ್ಪಟೆಗಳಿಗೆ ಚೆನ್ನಾಗಿ ಕೆಲಸ ಮಾಡುತ್ತದೆ. ಚಪ್ಪಟೆಯ ಎರಡು ಬದಿಯ ಇಳಿಜಾರು ನೋಡಿ ನಡುವೆ ಒಂದು ಬಾಗಿದ ಗೆರೆ ಎಳೆಯುತ್ತದೆ, ಅಷ್ಟೇ. ಹಾಗಾಗಿ ಉದ್ದದ ಚಪ್ಪಟೆಗೆ ಅದರಲ್ಲಿ ಉತ್ತರ ಇಲ್ಲ. ಉದ್ದ ಫೈಲುಗಳಿಗೆ ನಿಧಾನ ಕೂಡ. ಅದರಲ್ಲಿರುವುದು ಎರಡೇ ಗುಂಡಿ. ಒಂದು ಮಿತಿಯ ಶೇಕಡಾ, ಮೊದಲಿಗೆ 95 ಇರುತ್ತದೆ. ಇನ್ನೊಂದು, ಹೊಸ ನೆತ್ತಿಗಳಿಗೆ ಜಾಗ ಮಾಡಲು ದನಿಯನ್ನು ಎಷ್ಟು ಇಳಿಸಬೇಕು ಎಂಬುದು, ಮೊದಲಿಗೆ -9 ಡೆಸಿಬೆಲ್. ಈ ಇಳಿಕೆಯನ್ನು ತೆಗೆಯಬೇಡಿ. ಕಟ್ಟಿದ ನೆತ್ತಿ ಮೊದಲಿಗಿಂತ ಎತ್ತರ ಆಗಲೇಬೇಕು, ಜಾಗ ಇಲ್ಲದಿದ್ದರೆ ಮತ್ತೆ ಕತ್ತರಿ ಬೀಳುತ್ತದೆ.

ಆಜ್ಞೆ ಟೈಪ್ ಮಾಡಿ ನಡೆಸುವ ಎಫ್ಎಫ್ಎಂಪೆಗ್ ಸಾಫ್ಟ್‌ವೇರಿನ adeclip ಕೂಡ ಉಚಿತ. ಇದು ಇಳಿಜಾರು ಮಾತ್ರ ನೋಡುವುದಿಲ್ಲ. ಅಕ್ಕಪಕ್ಕದ ಹತ್ತಾರು ಮಿಲಿಸೆಕೆಂಡಿನ ದನಿಯ ಸ್ವಭಾವ ಲೆಕ್ಕ ಹಾಕಿ, ಅದಕ್ಕೆ ಹೊಂದುವಂತೆ ತುಂಬುತ್ತದೆ. ಮಧ್ಯಮ ಉದ್ದದ ಚಪ್ಪಟೆಗಳಿಗೆ ನಾನು Clip Fix ಗಿಂತ ಇದನ್ನೇ ಮೊದಲು ಬಳಸುತ್ತೇನೆ. ಉದ್ದ ಫೈಲನ್ನು ಒಂದೇ ಆಜ್ಞೆಯಲ್ಲಿ ಮುಗಿಸಬಹುದು ಎಂಬುದೂ ಅನುಕೂಲ.

```
ffmpeg -i mula.wav -af "adeclip,volume=-9dB" -c:a pcm_f32le kattida.wav
```

ಕೊನೆಯ `pcm_f32le` ಬಿಡಬೇಡಿ. ಅದು ಫ್ಲೋಟ್ ಫೈಲ್ ಬರೆಯುತ್ತದೆ, ಹಾಗಾಗಿ ಯಾವ ನೆತ್ತಿಯೂ ಎರಡನೇ ಸಲ ಕತ್ತರಿಗೆ ಸಿಗುವುದಿಲ್ಲ. ಇದರ ಕೊರತೆ ಎಂದರೆ ಮಿತಿ ಎಲ್ಲಿದೆ ಎಂದು ಅದು ತಾನೇ ಊಹಿಸುತ್ತದೆ. ಪ್ರೀಆಂಪ್‌ನಲ್ಲಿ ಒಡೆದ, ನಡುಗುವ ನೆತ್ತಿಗಳನ್ನು ಕೆಲವೊಮ್ಮೆ ಬಿಟ್ಟುಬಿಡುತ್ತದೆ.

ದುಡ್ಡು ಕೊಟ್ಟು ಕೊಳ್ಳುವವುಗಳಲ್ಲಿ ಐಝೋಟೋಪ್ ಆರ್‌ಎಕ್ಸ್‌ನ De-clip ಹೆಚ್ಚು ಬಳಕೆಯಲ್ಲಿದೆ. ಅದರ ದೊಡ್ಡ ಲಾಭ ಅಂದರೆ ಅಲೆಯ ಎತ್ತರಗಳ ಹಿಸ್ಟೋಗ್ರಾಮ್ ಕಣ್ಣೆದುರು ಇರುತ್ತದೆ. ಕ್ಲಿಪ್ ಆದ ಮಟ್ಟ ಅದರಲ್ಲಿ ಎದ್ದು ಕಾಣುತ್ತದೆ. ಮೇಲಿನ ಮತ್ತು ಕೆಳಗಿನ ಮಿತಿಯನ್ನು ಬೇರೆ ಬೇರೆಯಾಗಿ ಇಡಬಹುದು. ಪ್ರೀಆಂಪ್ ಕ್ಲಿಪ್ಪಿಂಗ್‌ಗೆ ಇದು ನಿಜಕ್ಕೂ ಬೇಕಾದ ಸೌಲಭ್ಯ. ಆಗಾಗ ಇಂಥ ಕೆಲಸ ಮಾಡುವವರಿಗೆ ಹಣ ಸಾರ್ಥಕ. ಒಂದೇ ಒಂದು ಫೈಲಿಗಾದರೆ ಉಚಿತವಾದವುಗಳೇ ಸಾಕು.

ಸಾಧನ ಯಾವುದೇ ಇರಲಿ, ಡಿಕ್ಲಿಪ್ ಎಲ್ಲಕ್ಕಿಂತ ಮೊದಲ ಹೆಜ್ಜೆ ಆಗಬೇಕು. ಗುಂಯ್ ಶಬ್ದ ತೆಗೆಯುವುದು, ಈಕ್ವಲೈಸರ್, ಸ್ಯಾಂಪಲ್ ರೇಟ್ ಬದಲಿಸುವುದು, ಎಂಪಿ3 ಮಾಡುವುದು ಎಲ್ಲ ಆಮೇಲೆ. ಇವುಗಳಲ್ಲಿ ಯಾವುದನ್ನು ಮೊದಲು ಮಾಡಿದರೂ ಚಪ್ಪಟೆ ನೆತ್ತಿ ವಾಲುತ್ತದೆ ಅಥವಾ ನಡುಗುತ್ತದೆ. ಸಾಫ್ಟ್‌ವೇರಿಗೆ ಸುಳ್ಳು ಸ್ಯಾಂಪಲ್ ಯಾವುದೆಂದು ಆಮೇಲೆ ತಿಳಿಯುವುದಿಲ್ಲ. ಒಡೆದ ದನಿಗೆ ನಾಯ್ಸ್ ರಿಡಕ್ಷನ್ ಹಾಕಿ ನೋಡುವವರು ಬಹಳ ಜನ. ಅದರಿಂದ ಏನೂ ಆಗುವುದಿಲ್ಲ. ಒಡಕು ಹಿನ್ನೆಲೆಯ ಸದ್ದಿನ ಹಾಗೆ ಒಂದೇ ಸಮ ಇರುವುದಿಲ್ಲ, ಮಾತಿನ ಜೊತೆಯಲ್ಲೇ ಹುಟ್ಟಿ ಮಾತಿನ ಜೊತೆಯಲ್ಲೇ ಹೋಗುತ್ತದೆ.

ಒಂದು ರೆಕಾರ್ಡಿಂಗ್, ಮೂರು ಜಾಗ

ಮೇಲೆ ಹೇಳಿದಂಥ ಒಂದು ತಾಳಮದ್ದಳೆ ಫೈಲನ್ನೇ ತೆಗೆದುಕೊಳ್ಳೋಣ. 48 ಕಿಲೋಹರ್ಟ್ಸ್, 16 ಬಿಟ್ ವೇವ್. ಝೂಮ್ ಮಾಡಿದರೆ ಮೇಲಿನ ನೆತ್ತಿಗಳು 0.62ರಲ್ಲಿ, ಕೆಳಗಿನವು -0.55ರಲ್ಲಿ ನಿಂತಿವೆ. 1.0 ಎಲ್ಲೂ ಇಲ್ಲ. ಅಂದರೆ ಪ್ರೀಆಂಪ್‌ನಲ್ಲಿ ಒಡೆದದ್ದು. ಆಡಾಸಿಟಿಯ Show Clipping in Waveform ಹಾಕಿದರೆ ಒಂದು ಕೆಂಪು ಗೆರೆಯೂ ಬರುವುದಿಲ್ಲ. ಅದು ಹುಡುಕುವುದು 1.0ಕ್ಕೆ ತಾಗಿದ್ದನ್ನು ಮಾತ್ರ. ಇಷ್ಟಕ್ಕೇ "ಕ್ಲಿಪ್ ಆಗಿಲ್ಲ" ಎಂದುಕೊಂಡು ಬೇರೆ ದಾರಿ ಹಿಡಿಯುವವರಿದ್ದಾರೆ.

ಮೊದಲ ಜಾಗ: ಸಂಧಾನದ ಮಾತು, ದನಿ ಹದವಾಗಿದೆ. ಪದದ ಜೋರಾದ ಸ್ವರಗಳಲ್ಲಿ ಮಾತ್ರ ನಾಲ್ಕರಿಂದ ಎಂಟು ಸ್ಯಾಂಪಲ್ ಚಪ್ಪಟೆ. ಇದಕ್ಕೆ Clip Fix ಸಾಕು, ಆದರೆ ಶೇಕಡಾ 95 ಹಾಗೇ ಬಿಟ್ಟರೆ ಅರ್ಧ ಕೆಲಸವೇ ಆಗುತ್ತದೆ. ಅದು ಆಯ್ದ ಭಾಗದ ಅತಿ ಎತ್ತರದ ಬೆಲೆಗೆ ಹೋಲಿಸಿ ನೋಡುತ್ತದೆ. ಇಲ್ಲಿ ಎತ್ತರ 0.62, ಅದರ ಶೇಕಡಾ 95 ಎಂದರೆ ಸುಮಾರು 0.59. ಕೆಳಗಿನ ನೆತ್ತಿ 0.55ರಲ್ಲೇ ನಿಂತಿರುವುದರಿಂದ ಅದು ಕಣ್ಣಿಗೇ ಬೀಳುವುದಿಲ್ಲ. 0.55ನ್ನು 0.62ರಿಂದ ಭಾಗಿಸಿದರೆ ಸುಮಾರು 0.887. ಹಾಗಾಗಿ ಗುಂಡಿಯನ್ನು 87ಕ್ಕೆ ತರಬೇಕು. ಹೀಗೆ ಮಾಡಿದಾಗ ಮೇಲಿನ ಕಡೆ ಕ್ಲಿಪ್ ಆಗದ ಕೆಲವು ನಿಜವಾದ ನೆತ್ತಿಗಳನ್ನೂ ಅದು ತಿದ್ದುತ್ತದೆ. ಸಣ್ಣ ನಷ್ಟ, ಒಪ್ಪಿಕೊಳ್ಳಬಹುದು. ಆದರೆ ಆಯ್ಕೆಯ ಒಳಗೆ ವಯರ್ ಎಳೆದಾಗಿನ 'ಟಪ್' ಶಬ್ದದಂಥದ್ದು ಇನ್ನೂ ಎತ್ತರಕ್ಕೆ ಹೋಗಿದ್ದರೆ ಇಡೀ ಲೆಕ್ಕ ತಪ್ಪುತ್ತದೆ. ಅಂಥದ್ದನ್ನು ಬಿಟ್ಟು ಆಯ್ದುಕೊಳ್ಳಿ.

ಎರಡನೇ ಜಾಗ: ವಾದ ತಾರಕಕ್ಕೆ ಹೋಗಿದೆ. ಪ್ರತಿ ಮಿಡಿತದಲ್ಲೂ ಮೂವತ್ತರಿಂದ ಅರವತ್ತು ಸ್ಯಾಂಪಲ್ ಚಪ್ಪಟೆ, ವಾಕ್ಯದ ಉದ್ದಕ್ಕೂ. Clip Fix ಹಾಕಿದರೆ ಪರಪರ ಹೋಗಿ, ಮೂಗು ಹಿಡಿದು ಮಾತಾಡಿದಂಥ ದನಿ ಬರುತ್ತದೆ. ಮಿತಿಗಳನ್ನು ಬೇರೆ ಬೇರೆಯಾಗಿ ಇಟ್ಟ ಆರ್‌ಎಕ್ಸ್ ಇಲ್ಲಿ ಸ್ಪಷ್ಟವಾಗಿ ಮೇಲು, adeclip ಅದರ ಹಿಂದೆ. ಆದರೂ ಪೂರ್ತಿ ಸರಿಯಾಗುವುದಿಲ್ಲ. ಇಲ್ಲಿ ನಾನು ಕೊಡುವ ಸಲಹೆ, ಕಟ್ಟಿದ ದನಿ ಮತ್ತು ಮೂಲ ದನಿ ಎರಡನ್ನೂ ಒಂದೇ ಜೋರಿನಲ್ಲಿ ಕೇಳಿ ಹೋಲಿಸಿ. ಜೋರಾಗಿದ್ದದ್ದೇ ಚೆನ್ನಾಗಿದೆ ಎಂದು ಕಿವಿಗೆ ಅನ್ನಿಸುವುದು ಸಹಜ, ಹಾಗಾಗಿ ಮೂಲವನ್ನೂ 9 ಡೆಸಿಬೆಲ್ ಇಳಿಸಿಕೊಳ್ಳಬೇಕು. ಆವೇಶದ ಮಾತಿನಲ್ಲಿ ಸ್ವಲ್ಪ ಒಡಕು ಉಳಿದರೂ ಕೇಳುಗರು ಸಹಿಸುತ್ತಾರೆ. ಅರ್ಥಧಾರಿಯ ಗುರುತೇ ಸಿಗದಷ್ಟು ಮಂಕಾದ ದನಿ ಅದಕ್ಕಿಂತ ಕೆಟ್ಟದ್ದು.

ರಿಪೇರಿ ಸರಿಯಾದ ಜಾಗದಲ್ಲೇ ಆಗಿದೆಯೇ ಎಂದು ತಿಳಿಯಲು ಇನ್ನೊಂದು ಉಪಾಯ ಇದೆ. 9 ಡೆಸಿಬೆಲ್ ಇಳಿಸಿದ ಮೂಲಕ್ಕೆ Invert ಹಾಕಿ, ಕಟ್ಟಿದ ಫೈಲಿನ ಜೊತೆ ಒಟ್ಟಿಗೆ ನುಡಿಸಿ. ಒಂದೇ ಥರ ಇರುವುದೆಲ್ಲ ಒಂದನ್ನೊಂದು ಅಳಿಸಿಹಾಕುತ್ತದೆ, ಬದಲಾದದ್ದು ಮಾತ್ರ ಕೇಳುತ್ತದೆ. ಜೋರು ಸ್ವರಗಳಲ್ಲಿ ಚಟಪಟ ಮಾತ್ರ ಕೇಳಿದರೆ ಸರಿ. ಮೆಲುಮಾತೂ ಕೇಳುತ್ತಿದ್ದರೆ ಮಿತಿ ಜಾಸ್ತಿ ಕೆಳಗೆ ಹೋಗಿದೆ, ಚೆನ್ನಾಗಿದ್ದದ್ದನ್ನೂ ಸಾಫ್ಟ್‌ವೇರ್ ಮುಟ್ಟಿದೆ.

ಮೂರನೇ ಜಾಗ: ಅರ್ಥಧಾರಿಯ ಮಾತಿನ ಕೊನೆಗೇ ಭಾಗವತರು ಪದ ಎತ್ತಿದ್ದಾರೆ, ಚೆಂಡೆ ಮದ್ದಳೆ ಒಟ್ಟಿಗೆ ಬಿದ್ದಿವೆ. ಒಂದೊಂದು ಪೆಟ್ಟಿಗೂ ಅಲೆ ಮಿತಿಗೆ ಹೋಗಿ ಅಂಟಿಕೊಂಡಿದೆ, ಚಪ್ಪಟೆ ನೂರು ಸ್ಯಾಂಪಲ್‌ಗೂ ಜಾಸ್ತಿ. ಆ ಹೊತ್ತಿನಲ್ಲಿ ಪೆಟ್ಟಿನ ದನಿಯ ಮೇಲೆ ಸವಾರಿ ಮಾಡುತ್ತಿದ್ದ ಮಾತು ಫೈಲಿನಲ್ಲಿ ಇಲ್ಲವೇ ಇಲ್ಲ. ಡಿಕ್ಲಿಪ್ ಪೆಟ್ಟನ್ನು ಬೇಕಾದರೆ ನಯ ಮಾಡುತ್ತದೆ, ಮಾತನ್ನು ತರಲಾರದು. ಈಕ್ವಲೈಸರ್‌ನಲ್ಲಿ ಮದ್ದಳೆಯ ತಗ್ಗು ದನಿ ಕಡಿಮೆ ಮಾಡಿದರೂ ಅಡಿಯಿಂದ ಮಾತು ಎದ್ದು ಬರುವುದಿಲ್ಲ, ಅಡಿಯಲ್ಲಿ ಏನೂ ಇಲ್ಲ. ಮೈಕಿಗೆ ಬಾಯಿ ತಾಗಿಸಿ 'ಪ', 'ಬ' ಹೇಳಿದಾಗಿನ ಗಾಳಿಯ ಹೊಡೆತಕ್ಕೂ, ಬಯಲಿನ ಗಾಳಿಗೂ ಇದೇ ಮಾತು ಅನ್ವಯಿಸುತ್ತದೆ.

ಇಲ್ಲಿ ಕೆಲಸ ಮಾಡುವುದು ತೇಪೆ. ಸಭೆಯಲ್ಲಿ ಯಾರಾದರೂ ಫೋನಿನಲ್ಲಿ ರೆಕಾರ್ಡ್ ಮಾಡಿದ್ದರೆ ಆ ಅರ್ಧ ವಾಕ್ಯವನ್ನು ಅದರಿಂದ ತರಬಹುದು. ಫೋನಿನ ದನಿ ದೂರದ್ದು, ಮಾರ್ದನಿ ಇರುವಂಥದ್ದು, ಹಾಗಾಗಿ ಹೊಲಿಗೆ ಕೇಳಿಸುತ್ತದೆ. ಪದದ ನಡುವೆ ಕತ್ತರಿಸಬೇಡಿ, ಉಸಿರು ತೆಗೆದುಕೊಳ್ಳುವ ಜಾಗದಲ್ಲಿ ಜೋಡಿಸಿ. ಇನ್ನೊಂದು ಎಚ್ಚರ ಬೇಕು. ಎರಡು ಸಾಧನಗಳ ಗಡಿಯಾರ ಒಂದೇ ವೇಗದಲ್ಲಿ ಓಡುವುದಿಲ್ಲ. ಹತ್ತು ಲಕ್ಷಕ್ಕೆ 50ರಷ್ಟು ವ್ಯತ್ಯಾಸ ಇದ್ದರೂ ಗಂಟೆಗೆ 0.18 ಸೆಕೆಂಡ್ ದೂರ ಹೋಗುತ್ತವೆ. ಶುರುವಿನಲ್ಲಿ ಒಮ್ಮೆ ಹೊಂದಿಸಿ ಬಿಟ್ಟರೆ ಕೊನೆಯ ಹೊತ್ತಿಗೆ ಎರಡು ದನಿ ಕೇಳುತ್ತದೆ. ಪ್ರತಿ ತೇಪೆಗೂ ಹತ್ತಿರದ ಒಂದು ಚೆಂಡೆ ಪೆಟ್ಟು ಹಿಡಿದು ಹೊಸದಾಗಿ ಹೊಂದಿಸಿ.

ಬಿಡಬೇಕಾದದ್ದು

ಹಾರ್ನ್ ಒಡೆದು, ಫೋನಿಗೆ ಬಂದ ದನಿಗೆ ಡಿಕ್ಲಿಪ್ ಹಾಕಬೇಡಿ. ಹುಡುಕಲು ಚಪ್ಪಟೆಯೇ ಇಲ್ಲದ ಕಡೆ ಅದು ಚೆನ್ನಾಗಿರುವ ನೆತ್ತಿಗಳನ್ನು ತಿದ್ದುತ್ತದೆ. 3ರಿಂದ 6 ಕಿಲೋಹರ್ಟ್ಸ್ ನಡುವೆ ಮೂರ್ನಾಲ್ಕು ಡೆಸಿಬೆಲ್ ಇಳಿಸಿದರೆ ಕಿವಿಗೆ ಚುಚ್ಚುವುದು ಕಡಿಮೆ ಆಗುತ್ತದೆ. ಅದು ರಿಪೇರಿ ಅಲ್ಲ, ಕೇಳಲು ಸ್ವಲ್ಪ ಹಿತ ಮಾಡಿದ್ದು ಮಾತ್ರ. ಅದಕ್ಕಿಂತ ಜಾಸ್ತಿ ಇಳಿಸಿದರೆ 'ಸ', 'ಶ', 'ತ' ಮಸುಕಾಗಿ, ಅರ್ಥವಾಗುತ್ತಿದ್ದ ಮಾತೂ ಅರ್ಥವಾಗದೆ ಹೋಗುತ್ತದೆ.

ದನಿಯ ಏರಿಳಿತವೂ ಮರಳಿ ಬರುವುದಿಲ್ಲ. ಕತ್ತರಿ ಬಿದ್ದ ಮೇಲೆ ಗದರಿಕೆಯೂ ಕೂಗೂ ಒಂದೇ ಎತ್ತರಕ್ಕೆ ನಿಂತಿರುತ್ತವೆ. ಸಾಫ್ಟ್‌ವೇರ್ ನೆತ್ತಿ ಕಟ್ಟುತ್ತದೆ, ಆದರೆ ಅರ್ಥಧಾರಿ ನಿಜಕ್ಕೂ ಎಷ್ಟು ಜೋರಾಗಿ ಹೇಳಿದರು ಎಂಬುದು ಅದಕ್ಕೆ ಗೊತ್ತಿಲ್ಲ. ಉದ್ದದ ಚಪ್ಪಟೆಗಳಲ್ಲಿ ಅದು ಸಾಮಾನ್ಯವಾಗಿ ಕಡಿಮೆಯೇ ಕಟ್ಟುತ್ತದೆ.

ಪದವೇ ಕೇಳದ ಜಾಗದಲ್ಲಿ, ತೇಪೆಗೂ ಏನೂ ಸಿಗದಿದ್ದರೆ ಬರಹಕ್ಕೆ ತಿರುಗಿ. ಅರ್ಥಧಾರಿಗೆ ಅಥವಾ ಆ ದಿನ ಕೇಳಿದವರಿಗೆ ಹಿಂದುಮುಂದಿನ ವಾಕ್ಯ ಕೇಳಿಸಿ, ಏನಿದ್ದಿರಬಹುದು ಎಂದು ವಿಚಾರಿಸಿ. ಅವರು ಹೇಳಿದ್ದನ್ನು ಊಹೆ ಎಂದೇ ಗುರುತು ಹಾಕಿ ಬರೆಯಿರಿ. ರೆಕಾರ್ಡಿಂಗ್‌ನಲ್ಲಿ ಕೇಳಿದ್ದರ ಜೊತೆ ಬೆರೆಸಬೇಡಿ.

ಮುಟ್ಟದ ಮೂಲ ಫೈಲನ್ನು ಬೇರೆಯಾಗಿ ಇಡಿ. ಕಟ್ಟಿದ ಫೈಲಿನ ಪಕ್ಕದಲ್ಲಿ ಒಂದು ಸಣ್ಣ ಪಠ್ಯ ಫೈಲ್ ಇರಲಿ. ಯಾವ ನಿಮಿಷದಿಂದ ಯಾವ ನಿಮಿಷಕ್ಕೆ ಯಾವ ಸಾಧನ, ಯಾವ ಮಿತಿ, ಎಲ್ಲೆಲ್ಲಿ ಫೋನಿನ ತೇಪೆ, ಎಲ್ಲಿ ಏನೂ ಮಾಡಿಲ್ಲ ಎಂದು ಬರೆದಿಡಿ. ಡಿಕ್ಲಿಪ್ ಸಾಧನಗಳು ಮುಂದೆ ಸುಧಾರಿಸಿದರೆ ಆಗ ಬೇಕಾಗುವುದು ಇವತ್ತು ನಯ ಮಾಡಿದ ಫೈಲ್ ಅಲ್ಲ, ಚಪ್ಪಟೆ ನೆತ್ತಿಗಳೆಲ್ಲ ಹಾಗೇ ಇರುವ ಮೂಲ.